ಆರು ಪದ, ಎರಡು ಲಕೋಟೆ: ಒಂದು ಮಾಸ್ಟರ್ ಪಾಸ್‌ವರ್ಡ್‌ನ ಪ್ರಕರಣ ಅಧ್ಯಯನ

ಶಿವಮೊಗ್ಗದಲ್ಲಿ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಲೆಕ್ಕ ನೋಡಿಕೊಳ್ಳುವ ತೆರಿಗೆ ಸಲಹೆಗಾರ್ತಿಯೊಬ್ಬರ ಕಚೇರಿಗೆ ಸಂಬಂಧಿಸಿದ ಪ್ರಕರಣವಿದು. ಅವರ ಕಚೇರಿಯಲ್ಲಿ ಒಬ್ಬ ಸಹಾಯಕನಿದ್ದಾನೆ. ಮನೆಯಲ್ಲಿ ಶಾಲಾ ಶಿಕ್ಷಕರಾದ ಪತಿ ಮತ್ತು ಕಾಲೇಜಿಗೆ ಹೋಗುವ ಮಗಳು ಇದ್ದಾರೆ. ಕಕ್ಷಿದಾರರ ಪೋರ್ಟಲ್ ಪಾಸ್‌ವರ್ಡ್‌ಗಳು ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿಯೂ ಅದರ ಅರ್ಧದಷ್ಟು ಒಂದು ಎಕ್ಸೆಲ್ ಕಡತದಲ್ಲಿಯೂ ಇದ್ದವು. ಎರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕಕ್ಷಿದಾರರು ತಮ್ಮ ಪಾಸ್‌ವರ್ಡ್ ಅನ್ನು ಸಲಹೆಗಾರರ ಕೈಗೆ ಕೊಟ್ಟು ನಿಶ್ಚಿಂತರಾಗುವುದು ಸರಿಯಾದ ಪದ್ಧತಿಯೇ ಎಂಬ ಪ್ರಶ್ನೆ ಬೇರೆ. ವಾಸ್ತವದಲ್ಲಿ ಎಲ್ಲ ಊರುಗಳಲ್ಲಿಯೂ ಹಾಗೆಯೇ ನಡೆಯುತ್ತಿದೆ. ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಭಂಡಾರದಲ್ಲಿ ಬೀಗ ಹಾಕಿಡುವ ಬಿಟ್‌ವಾರ್ಡನ್ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಬಳಸಲು ಅವರು ನಿರ್ಧರಿಸಿ, ಖಾತೆ ತೆರೆಯುವ ಪುಟದಲ್ಲಿ ಆ ಭಂಡಾರವನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಕೇಳಿದಾಗ ನಿಂತರು. ಆ ಪುಟದಲ್ಲಿಯೇ, ಈ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯಲಾಗದು ಎಂಬ ಎಚ್ಚರಿಕೆ ಇತ್ತು. ಈ ಬಗ್ಗೆ ಸಲಹೆ ಕೇಳಿ ಅವರು ನನ್ನಲ್ಲಿಗೆ ಬಂದರು.

ಆ ಎಚ್ಚರಿಕೆ ಬರಿಯ ಔಪಚಾರಿಕ ಮಾತಲ್ಲ. ಬ್ಯಾಂಕಿನ ಪಾಸ್‌ವರ್ಡ್ ಮರೆತರೆ ಬ್ಯಾಂಕು ಹೊಸದನ್ನು ಕೊಡುತ್ತದೆ, ಏಕೆಂದರೆ ಹಣದ ಲೆಕ್ಕ ಬ್ಯಾಂಕಿನ ಬಳಿಯೇ ಇರುತ್ತದೆ. ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಗೂಢಲಿಪಿಗೊಳಿಸಿದ ಭಂಡಾರವನ್ನು ಬಿಚ್ಚುವ ಕೀಲಿಯು ಮಾಸ್ಟರ್ ಪಾಸ್‌ವರ್ಡ್‌ನಿಂದಲೇ ನಮ್ಮ ಸಾಧನದಲ್ಲಿ ತಯಾರಾಗುತ್ತದೆ; ಸಂಸ್ಥೆಯ ಬಳಿ ಆ ಕೀಲಿ ಇರುವುದಿಲ್ಲ. ಆದ್ದರಿಂದ ಇಲ್ಲಿ ಎರಡು ಭಯಗಳು ಒಟ್ಟಿಗೆ ಬರುತ್ತವೆ. ಪಾಸ್‌ವರ್ಡ್ ದುರ್ಬಲವಾಗಿದ್ದರೆ ಕದ್ದವನು ಭಂಡಾರವನ್ನು ತೆರೆಯುತ್ತಾನೆ. ಅದು ಗಟ್ಟಿಯಾಗಿದ್ದು ಮರೆತುಹೋದರೆ ಯಜಮಾನರೇ ಹೊರಗುಳಿಯುತ್ತಾರೆ. ನನ್ನ ಅನುಭವದಲ್ಲಿ ಮನೆ ಮತ್ತು ಸಣ್ಣ ಕಚೇರಿಗಳಲ್ಲಿ ಹೆಚ್ಚಾಗಿ ಸಂಭವಿಸುವುದು ಎರಡನೆಯದು, ಆದರೆ ಜನ ಯೋಚಿಸುವುದು ಮೊದಲನೆಯದರ ಬಗ್ಗೆ ಮಾತ್ರ.

ಯಾವ ದಾಳಿಯನ್ನು ತಡೆಯಬೇಕು

ಎಷ್ಟು ಗಟ್ಟಿ ಇದ್ದರೆ ಸಾಕು ಎಂಬುದನ್ನು ನಿರ್ಧರಿಸಲು, ಕಳ್ಳನು ಎಲ್ಲಿ ಕುಳಿತು ಊಹಿಸುತ್ತಿದ್ದಾನೆ ಎಂಬುದನ್ನು ಮೊದಲು ತಿಳಿಯಬೇಕು. ಲಾಗಿನ್ ಪುಟದಲ್ಲಿ ಕುಳಿತು ಊಹಿಸುವವನನ್ನು ಸರ್ವರ್ ತಡೆಯುತ್ತದೆ. ಹತ್ತಾರು ತಪ್ಪುಗಳಾದೊಡನೆ ಅದು ಅವನನ್ನು ನಿಧಾನಗೊಳಿಸುತ್ತದೆ. ಭಂಡಾರದ ಪ್ರತಿಯೇ ಕಳ್ಳನ ಕೈಸೇರಿದಾಗ ಆ ತಡೆ ಇರುವುದಿಲ್ಲ. ಇಂಥದ್ದೇ ಪಾಸ್‌ವರ್ಡ್ ಮ್ಯಾನೇಜರ್ ಒದಗಿಸುವ ಲಾಸ್ಟ್‌ಪಾಸ್ ಸಂಸ್ಥೆಯಲ್ಲಿ ಇದೇ ನಡೆಯಿತು. 2022ರ ಆಗಸ್ಟ್‌ನಲ್ಲಿ ಶುರುವಾದ ಒಂದು ನುಸುಳುವಿಕೆಯ ಮುಂದುವರಿಕೆಯಾಗಿ ಗ್ರಾಹಕರ ಭಂಡಾರಗಳ ಬ್ಯಾಕಪ್ ಪ್ರತಿಗಳು ಕಳುವಾದವೆಂದು ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸ್ಥೆ ಪ್ರಕಟಿಸಿತು. ಆ ಪ್ರತಿಗಳಲ್ಲಿ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಜಾಲತಾಣಗಳ ವಿಳಾಸಗಳು ಮಾತ್ರ ಬಯಲಾಗಿದ್ದವು. ಅಂದರೆ ಯಾರ ಭಂಡಾರದಲ್ಲಿ ಯಾವ ಬ್ಯಾಂಕಿನ ಬಾಗಿಲಿದೆ ಎಂಬುದನ್ನು ನೋಡಿ, ಯಾವುದನ್ನು ಮೊದಲು ಒಡೆಯಬೇಕೆಂದು ಕಳ್ಳನು ನಿಶ್ಚಿಂತೆಯಿಂದ ಆರಿಸಿಕೊಳ್ಳಬಹುದಾಗಿತ್ತು. ಅಂಥವನನ್ನು ತಡೆಯಲು ಉಳಿಯುವುದು ಮಾಸ್ಟರ್ ಪಾಸ್‌ವರ್ಡ್ ಒಂದೇ. ಮೊಬೈಲಿಗೆ ಬರುವ ಎರಡನೆಯ ಹಂತದ ಸಂಕೇತ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಅದು ಕಾಯುವುದು ಲಾಗಿನ್ ಬಾಗಿಲನ್ನು, ಕದ್ದೊಯ್ದ ಕಡತವನ್ನಲ್ಲ.

ಕಳ್ಳನ ಪ್ರತಿಯೊಂದು ಊಹೆಯನ್ನೂ ದುಬಾರಿಯಾಗಿಸಲು ಇಂಥ ತಂತ್ರಾಂಶಗಳು ಪಾಸ್‌ವರ್ಡ್ ಅನ್ನು ಮತ್ತೆ ಮತ್ತೆ ಅರೆಯುತ್ತವೆ. ಬಿಟ್‌ವಾರ್ಡನ್‌ನಲ್ಲಿ ಈ ಆವರ್ತನೆಗಳ ಸಂಖ್ಯೆ 2023ರಿಂದ ಹೊಸ ಖಾತೆಗಳಿಗೆ 6 ಲಕ್ಷ ಇದೆ. ಅದಕ್ಕೂ ಹಿಂದೆ ತೆರೆದ ಖಾತೆಗಳಲ್ಲಿ ಹಳೆಯ 1 ಲಕ್ಷದ ಸಂಖ್ಯೆಯೇ ಉಳಿದಿರಬಹುದಾದ್ದರಿಂದ, ಅಂಥವರು ಭದ್ರತೆಯ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಏರಿಸಿಕೊಳ್ಳಬೇಕು. ಇಷ್ಟಾದರೂ ಇದರಿಂದ ಸಿಗುವ ರಕ್ಷಣೆಗೆ ಮಿತಿಯಿದೆ. ಆವರ್ತನೆಯನ್ನು ಎರಡರಷ್ಟು ಮಾಡಿದರೆ ಕಳ್ಳನ ಕೆಲಸವೂ ಎರಡರಷ್ಟಾಗುತ್ತದೆ, ಅಷ್ಟೇ. ಮಾಸ್ಟರ್ ಪಾಸ್‌ವರ್ಡ್‌ಗೆ ಯಾದೃಚ್ಛಿಕವಾದ ಒಂದು ಪದ ಸೇರಿಸಿದರೆ ಅವನ ಕೆಲಸ ಸಾವಿರಾರು ಪಟ್ಟು ಹೆಚ್ಚುತ್ತದೆ.

ಮುಂದಿನ ಲೆಕ್ಕಗಳಿಗೆಲ್ಲ ಒಂದು ಅಳತೆಗೋಲು ಬೇಕಾದ್ದರಿಂದ, ಕಳ್ಳನು ಹಲವಾರು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಜೋಡಿಸಿಕೊಂಡು ಸೆಕೆಂಡಿಗೆ 10 ಲಕ್ಷ ಊಹೆಗಳನ್ನು ಮಾಡಬಲ್ಲ ಎಂದು ನಾವು ಒಪ್ಪಿಕೊಂಡೆವು. 6 ಲಕ್ಷ ಆವರ್ತನೆಗಳ ಎದುರು ಇದು ಸಾಮಾನ್ಯನಿಗೆ ಎಟುಕುವ ವೇಗವಲ್ಲ, ಆದರೆ ಹಣವಿರುವ ತಂಡಕ್ಕೆ ಅಸಾಧ್ಯವೂ ಅಲ್ಲ.

ಕೈಬಿಟ್ಟ ಎರಡು ಆಯ್ಕೆಗಳು

ಅವರು ಮೊದಲು ಯೋಚಿಸಿದ್ದು ಈ ನಮೂನೆಯದು:

```
Shivamogga@1982
```

ಹದಿನೈದು ಅಕ್ಷರ, ದೊಡ್ಡಕ್ಷರ, ಚಿಹ್ನೆ, ಅಂಕಿ ಎಲ್ಲವೂ ಇವೆ. ಕನಿಷ್ಠ 12 ಅಕ್ಷರವಿರಬೇಕೆಂಬ ಬಿಟ್‌ವಾರ್ಡನ್‌ನ ನಿಯಮವನ್ನೂ ಇದು ಪಾಲಿಸುತ್ತದೆ. ಆದರೆ ಕಳ್ಳನು ಅಕ್ಷರಗಳನ್ನು ಒಂದೊಂದಾಗಿ ಊಹಿಸುವುದಿಲ್ಲ, ಮನುಷ್ಯರ ಚಾಳಿಯನ್ನು ಊಹಿಸುತ್ತಾನೆ. 20 ಸಾವಿರ ಊರು ಮತ್ತು ವ್ಯಕ್ತಿಗಳ ಹೆಸರು, ನಡುವೆ ಇಡಬಹುದಾದ 10 ಚಿಹ್ನೆ, 100 ಇಸವಿ, ದೊಡ್ಡ ಸಣ್ಣ ಅಕ್ಷರಗಳ 4 ಬಗೆ ಎಂದು ಲೆಕ್ಕ ಹಾಕಿದರೂ ಒಟ್ಟು ಆಗುವುದು 8 ಕೋಟಿ ಸಾಧ್ಯತೆಗಳು. ನಮ್ಮ ಅಳತೆಗೋಲಿನಂತೆ ಅಷ್ಟನ್ನೂ ಪ್ರಯತ್ನಿಸಿ ಮುಗಿಸಲು 80 ಸೆಕೆಂಡ್ ಸಾಕು. a ಇರುವಲ್ಲಿ @, o ಇರುವಲ್ಲಿ ಸೊನ್ನೆ ಹಾಕುವ ಜಾಣತನವೂ ಪಾಸ್‌ವರ್ಡ್ ಒಡೆಯುವ ತಂತ್ರಾಂಶಗಳ ಸಿದ್ಧ ನಿಯಮಗಳಲ್ಲಿ ಮೊದಲಿನಿಂದಲೇ ಇದೆ.

ಎರಡನೆಯ ಆಲೋಚನೆ ಹೆಚ್ಚು ಆಕರ್ಷಕವಾಗಿತ್ತು: ಬಾಯಿಪಾಠವಾಗಿರುವ ಒಂದು ವಚನದ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವುದು. ಸಾಲು ಉದ್ದವಾಗಿದೆ, ಮರೆಯುವ ಪ್ರಶ್ನೆಯೇ ಇಲ್ಲ, ಹೊರದೇಶದ ಕಳ್ಳನಿಗೆ ಕನ್ನಡ ಬಾರದು ಎಂಬುದು ಅವರ ವಾದ. ಈ ವಾದದ ಕೊನೆಯ ಭಾಗ ನಿಲ್ಲುವುದಿಲ್ಲ. ಗಾದೆ, ಹಾಡಿನ ಪಲ್ಲವಿ, ಧರ್ಮಗ್ರಂಥದ ಸಾಲುಗಳನ್ನು ಅಂತರ್ಜಾಲದಿಂದ ರಾಶಿ ಹಾಕಿ ಊಹೆಯ ಪಟ್ಟಿಗೆ ಸೇರಿಸಿಕೊಳ್ಳಲು ಭಾಷೆ ಬರಬೇಕಾಗಿಲ್ಲ. ಪಠ್ಯ ಸಿಕ್ಕಿದರೆ ಸಾಕು. ಕೋಟಿ ಸಾಲುಗಳ ಪಟ್ಟಿಯಾದರೂ ಅದು ಹತ್ತು ಸೆಕೆಂಡಿನ ಕೆಲಸ. ಒಬ್ಬರಿಗೆ ಪ್ರಿಯವಾದ ಸಾಲು ಹಲವರಿಗೆ ಪ್ರಿಯವಾಗಿರುತ್ತದೆ, ಮತ್ತು ಆಪ್ತರಿಗೆ ಅದು ಯಾವುದೆಂದು ಗೊತ್ತಿರುತ್ತದೆ. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಅದೇ ಸಾಲನ್ನು ಹಾಕಿಕೊಂಡವರನ್ನೂ ನಾನು ಕಂಡಿದ್ದೇನೆ.

ದಾಳ ಆರಿಸಿದ ಪದಗಳು

ಎರಡೂ ಆಯ್ಕೆಗಳ ದೋಷ ಒಂದೇ: ಪದಗಳನ್ನು ಆರಿಸಿದ್ದು ಮನಸ್ಸು. ಆಯ್ಕೆಯನ್ನು ಮನಸ್ಸಿನಿಂದ ಕಿತ್ತು ದಾಳಕ್ಕೆ ಒಪ್ಪಿಸುವ ಡೈಸ್‌ವೇರ್ ಪದ್ಧತಿಯನ್ನು ಆರ್ನಲ್ಡ್ ರೈನ್‌ಹೋಲ್ಡ್ ಎಂಬುವವರು 1995ರಲ್ಲಿ ರೂಪಿಸಿದರು. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ 2016ರಲ್ಲಿ ಇದಕ್ಕಾಗಿ ಓದಲು, ಬರೆಯಲು ಸುಲಭವಾದ ಪದಗಳ ಒಂದು ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ 7,776 ಪದಗಳಿವೆ. ಈ ಸಂಖ್ಯೆ ಬಂದದ್ದು ಆರು ಮುಖದ ದಾಳವನ್ನು ಐದು ಬಾರಿ ಎಸೆದಾಗ ಸಿಗುವ ಒಟ್ಟು ಸಾಧ್ಯತೆಗಳಿಂದ. ಐದು ಎಸೆತಗಳ ಅಂಕಿಗಳನ್ನು ಸಾಲಾಗಿ ಬರೆದುಕೊಂಡು, ಆ ಸಂಖ್ಯೆಯ ಎದುರಿನ ಪದವನ್ನು ಪಟ್ಟಿಯಲ್ಲಿ ನೋಡಬೇಕು. 11111 ಬಿದ್ದರೆ abacus, 66666 ಬಿದ್ದರೆ zoom.

ಎಷ್ಟು ಪದ ಬೇಕೆಂಬುದನ್ನು ಅದೇ ಅಳತೆಗೋಲಿನಿಂದ ನೋಡಿದೆವು. ಕಳ್ಳನ ಬಳಿ ಪಟ್ಟಿಯೂ ಇದೆ, ಎಷ್ಟು ಪದಗಳೆಂಬುದೂ ಗೊತ್ತಿದೆ ಎಂದೇ ಇಟ್ಟುಕೊಳ್ಳಬೇಕು. ಈ ಪದ್ಧತಿಯ ಬಲವು ಯಾವ ಗುಟ್ಟಿನ ಮೇಲೂ ನಿಂತಿಲ್ಲ. ನಾಲ್ಕು ಪದಗಳಾದರೆ ಸರಾಸರಿ 58 ವರ್ಷ ಹಿಡಿಯುತ್ತದೆ. ಕೇಳಲು ಸಾಕೆನಿಸಿದರೂ, ಕಳ್ಳನ ಬಲ ಸಾವಿರ ಪಟ್ಟಾದರೆ ಅದು ಮೂರೇ ವಾರಕ್ಕೆ ಇಳಿಯುತ್ತದೆ. ಐದು ಪದಗಳಾದರೆ ಸುಮಾರು ನಾಲ್ಕೂವರೆ ಲಕ್ಷ ವರ್ಷ. ಬಲ ಸಾವಿರ ಪಟ್ಟಾದರೂ 450 ವರ್ಷ. ಆರನೆಯ ಪದ ಬಂದಾಗ ಲೆಕ್ಕ ಮಾಡುವುದೇ ವ್ಯರ್ಥ. ಮನೆಯೊಂದಕ್ಕೆ ಐದು ಪದ ಸಾಕೆಂಬುದು ನನ್ನ ಅಭಿಪ್ರಾಯ. ಇಲ್ಲಿ ಭಂಡಾರದೊಳಗೆ ಇತರರ ವ್ಯವಹಾರವೂ ಇದ್ದುದರಿಂದ ಮತ್ತು ಒಮ್ಮೆ ಇಟ್ಟದ್ದನ್ನು ಬಹುಕಾಲ ಬದಲಿಸದಿರುವ ಉದ್ದೇಶವಿದ್ದುದರಿಂದ ಆರು ಪದ ಎಂದು ತೀರ್ಮಾನವಾಯಿತು.

ಇಂಗ್ಲಿಷ್ ಪಟ್ಟಿ ಏಕೆ, ಕನ್ನಡ ಪದಗಳಾಗಬಾರದೇ ಎಂದು ಅವರು ಕೇಳಿದ್ದು ಸಹಜವಾಗಿತ್ತು, ಮತ್ತು ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಕೊಡುವುದು ಉಚಿತ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವಾಗ ನಮಗೆ ಸ್ಥಿರವಾದ ಕಾಗುಣಿತವೇ ಇಲ್ಲ. ಹಾಲು ಎಂಬುದು ಒಂದು ದಿನ halu, ಇನ್ನೊಂದು ದಿನ haalu ಆಗುತ್ತದೆ. ತೊಟ್ಟಿಲು ಎಂಬುದು tottilu ಅಥವಾ thottilu. ಆರು ಪದಗಳಲ್ಲಿ ಪ್ರತಿಯೊಂದಕ್ಕೂ ಇಂಥ ಎರಡು ರೂಪಗಳಿದ್ದರೆ, ಆರು ತಿಂಗಳ ನಂತರ ತಡಬಡಾಯಿಸುವಾಗ 64 ಬಗೆಗಳಲ್ಲಿ ಯಾವುದು ಸರಿಯೆಂದು ಹುಡುಕಬೇಕಾಗುತ್ತದೆ. ಇನ್ನು ಕನ್ನಡ ಲಿಪಿಯಲ್ಲಿಯೇ ಟೈಪ್ ಮಾಡಿದರೆ ತೊಂದರೆ ಬೇರೆ ರೀತಿಯದು. 'ಕೊ' ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಸಂಗ್ರಹಿಸಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಕಣ್ಣಿಗೆ ಒಂದೇ ಆಗಿ ಕಂಡರೂ ಯಂತ್ರಕ್ಕೆ ಅವು ಬೇರೆ ಬೇರೆ. ಒಂದು ಫೋನಿನ ಕೀಲಿಮಣೆಯಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದು ಕಂಪ್ಯೂಟರ್ ಒಪ್ಪದೇ ಹೋಗಬಹುದು, ಮತ್ತು ಚುಕ್ಕೆಗಳ ಮರೆಯಲ್ಲಿ ಏನು ತಪ್ಪಾಯಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಕನ್ನಡ ಕೀಲಿಮಣೆಯಿಲ್ಲದ ಕಂಪ್ಯೂಟರ್ ಎದುರಾದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಪದಗಳು ಇಂಗ್ಲಿಷ್ ಪಟ್ಟಿಯವು, ಅವನ್ನು ನೆನಪಿನಲ್ಲಿಡುವ ಕಥೆ ಮಾತ್ರ ಕನ್ನಡದ್ದು ಎಂಬ ಹೊಂದಾಣಿಕೆಗೆ ಬಂದೆವು.

ಮಗಳ ಹಾವು ಏಣಿ ಆಟದ ದಾಳವನ್ನು ತಂದು, ಆರು ಪದಗಳಿಗೆ ಮೂವತ್ತು ಬಾರಿ ಅವರೇ ಎಸೆದರು. ನಾನು ಪಕ್ಕದ ಕೋಣೆಯಲ್ಲಿದ್ದೆ. ಸಲಹೆ ಕೊಡುವವನೂ ಪದಗಳನ್ನು ನೋಡಬಾರದು. ಹಾಗೆ ಕೇಳಿಕೊಳ್ಳಲು ಜನ ಸಂಕೋಚಪಡುತ್ತಾರೆ, ಆದ್ದರಿಂದ ನಾವೇ ಎದ್ದು ಹೋಗುವುದು ಲೇಸು. ಪಟ್ಟಿಯನ್ನು ಮೊದಲೇ ಮುದ್ರಿಸಿ ಇಟ್ಟುಕೊಂಡಿದ್ದರಿಂದ ಯಾವ ಪದ ಬಂತೆಂಬುದು ಯಾವ ಪರದೆಯ ಮೇಲೂ ಮೂಡಲಿಲ್ಲ. ಬಿಟ್‌ವಾರ್ಡನ್‌ನಲ್ಲಿಯೇ ಪದಗುಚ್ಛ ತಯಾರಿಸುವ ಸಾಧನವಿದೆ. ಪದಗಳ ಸಂಖ್ಯೆಯನ್ನು ಆರಕ್ಕೆ ಇಟ್ಟರೆ ಅದೂ ಇಷ್ಟೇ ಬಲದ್ದನ್ನು ಕೊಡುತ್ತದೆ. ದಾಳವನ್ನು ನಾನು ಇಷ್ಟಪಡುವುದು, ಕೈಯಾರೆ ಎಸೆದ ಪದಗಳ ಮೇಲೆ ಜನರಿಗೆ ನಂಬಿಕೆ ಹುಟ್ಟುತ್ತದೆ ಎಂಬ ಕಾರಣಕ್ಕೆ.

ಫಲಿತಾಂಶ ಈ ಮಾದರಿಯದು. ಇದು ಅವರದಲ್ಲ, ತೋರಿಸಲು ಬರೆದದ್ದು; ಯಾರೂ ಬಳಸಬಾರದು:

```
ladle.cricket.monsoon.gravel.tutor.umbrella
```

ಎಸೆತ ಮುಗಿದ ಮೇಲೆ ಎರಡು ಆಸೆಗಳು ಹುಟ್ಟುತ್ತವೆ. ಒಂದು, ಹಿಡಿಸದ ಪದವನ್ನು ಬಿಟ್ಟು ಮತ್ತೆ ಎಸೆಯುವುದು. ಹೀಗೆ ಆರಿಸುತ್ತಾ ಹೋದರೆ ಕೊನೆಗೆ ಉಳಿಯುವವು ಎಲ್ಲರಿಗೂ ಪ್ರಿಯವಾದ ಕೆಲವೇ ನೂರು ಪದಗಳು. ಬೇಕೆಂದರೆ ಎರಡು ಪೂರ್ತಿ ಗುಚ್ಛಗಳನ್ನು ಎಸೆದು ಒಂದನ್ನು ಇಟ್ಟುಕೊಳ್ಳಬಹುದು. ಅದರಿಂದ ಕಳ್ಳನ ಕೆಲಸ ಹೆಚ್ಚೆಂದರೆ ಅರ್ಧವಾಗುತ್ತದೆ, ಅದು ಲೆಕ್ಕಕ್ಕಿಲ್ಲ. ಇನ್ನೊಂದು, ಅರ್ಥ ಬರುವಂತೆ ಪದಗಳ ಕ್ರಮವನ್ನು ಬದಲಿಸುವುದು. ಆರು ಪದಗಳನ್ನು 720 ಕ್ರಮಗಳಲ್ಲಿ ಇಡಬಹುದು, ಆದರೆ ಅರ್ಥವಾಗುವ ಕ್ರಮಗಳು ಕೆಲವೇ. ಅಂದಗೊಳಿಸುವ ಹೊತ್ತಿಗೆ ಬಲವು ನೂರಾರು ಪಟ್ಟು ಕುಗ್ಗಿರಬಹುದು. ಕಥೆಯನ್ನು ಪದಗಳ ಕ್ರಮಕ್ಕೆ ಹೊಂದಿಸಬೇಕೇ ಹೊರತು ಕ್ರಮವನ್ನು ಕಥೆಗಲ್ಲ. ಮೇಲಿನ ನಮೂನೆಗಾದರೆ, ಅಜ್ಜಿ ಸೌಟು ಹಿಡಿದು ಕ್ರಿಕೆಟ್ ಆಡುತ್ತಿರುವಾಗ ಮುಂಗಾರು ಸುರಿದು, ಜಲ್ಲಿಕಲ್ಲಿನ ಮೇಲೆ ಜಾರಿದ ಮೇಷ್ಟ್ರಿಗೆ ಕೊಡೆ ಕೊಟ್ಟಳು ಎಂಬ ಅಸಂಬದ್ಧ ಕಥೆ ಸಾಕು. ಅಸಂಬದ್ಧವಾದಷ್ಟೂ ಚೆನ್ನಾಗಿ ನಿಲ್ಲುತ್ತದೆ.

ಪದಗಳ ನಡುವೆ ಚುಕ್ಕೆ ಇಟ್ಟದ್ದು ಅವರ ಫೋನಿನ ಕೀಲಿಮಣೆಯ ಅನುಕೂಲಕ್ಕಾಗಿ. ಅದರಲ್ಲಿ ಅಡ್ಡಗೆರೆಗೆ ಚಿಹ್ನೆಗಳ ಪುಟಕ್ಕೆ ಹೋಗಬೇಕು, ಚುಕ್ಕೆ ಮೊದಲ ಪುಟದಲ್ಲಿಯೇ ಇದೆ. ದೊಡ್ಡಕ್ಷರ, ಅಂಕಿ ಏನನ್ನೂ ಸೇರಿಸಲಿಲ್ಲ. ಆರು ಪದಗಳ ಬಲದ ಮುಂದೆ ಅವುಗಳಿಂದ ಸಿಗುವುದು ಅಲ್ಪ, ಮರೆಯುವ ಸಂಭವ ಹೆಚ್ಚು.

ಬೆರಳಿಗೆ ರೂಢಿಯಾಗುವವರೆಗೆ

ಖಾತೆ ತೆರೆದ ದಿನವೇ ಲೆಕ್ಕದ ಪುಸ್ತಕವನ್ನು ಖಾಲಿ ಮಾಡುವ ಉತ್ಸಾಹವನ್ನು ತಡೆದೆವು. ಮೊದಲ ಎರಡು ವಾರ ಭಂಡಾರದಲ್ಲಿ ಕಳೆದುಹೋದರೂ ಚಿಂತೆಯಿಲ್ಲದ ಖಾತೆಗಳನ್ನು ಮಾತ್ರ ಇಡುವುದು, ದಿನಕ್ಕೆ ಮೂರ್ನಾಲ್ಕು ಬಾರಿ ಪೂರ್ತಿ ಗುಚ್ಛವನ್ನು ಟೈಪ್ ಮಾಡಿಯೇ ತೆರೆಯುವುದು, ಬೆರಳಚ್ಚಿನ ಸೌಲಭ್ಯವನ್ನು ಆ ಅವಧಿಯಲ್ಲಿ ಹಚ್ಚದಿರುವುದು ಎಂದು ಒಪ್ಪಂದವಾಯಿತು. ಬೆರಳಚ್ಚು ಒಳ್ಳೆಯ ಸೌಲಭ್ಯವೇ, ಆದರೆ ಮರೆವಿಗೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ತಿಂಗಳುಗಟ್ಟಲೆ ಬೆರಳಿಟ್ಟು ತೆರೆದವರು ಫೋನ್ ಕೆಟ್ಟು ಹೊಸದು ತಂದ ದಿನ ಮಾಸ್ಟರ್ ಪಾಸ್‌ವರ್ಡ್ ಕೇಳಿದಾಗ ಕಣ್ಣು ಕಣ್ಣು ಬಿಡುತ್ತಾರೆ. ಆದ್ದರಿಂದ ಎರಡು ವಾರಗಳ ನಂತರವೂ ಫೋನಿನಲ್ಲಿ ಮಾತ್ರ ಬೆರಳಚ್ಚು ಇಟ್ಟು, ಕಚೇರಿಯ ಕಂಪ್ಯೂಟರಿನಲ್ಲಿ ಬ್ರೌಸರ್ ಮುಚ್ಚಿ ತೆರೆದಾಗಲೆಲ್ಲ ಗುಚ್ಛವನ್ನು ಕೇಳುವಂತೆ ಹೊಂದಿಸಿದೆವು. ಹೀಗೆ ದಿನಕ್ಕೊಮ್ಮೆಯಾದರೂ ಬೆರಳುಗಳಿಗೆ ಅಭ್ಯಾಸವಾಗುತ್ತದೆ.

ಖಾತೆ ತೆರೆಯುವಾಗ ಮಾಸ್ಟರ್ ಪಾಸ್‌ವರ್ಡ್ ನೆನಪಿಸುವ ಸುಳಿವು ಬರೆಯುವ ಜಾಗವನ್ನು ಖಾಲಿ ಬಿಟ್ಟರು. ಆ ಸುಳಿವು ಕೇಳಿದೊಡನೆ ಇಮೇಲಿನಲ್ಲಿ ಬರುತ್ತದೆ. ಉಪಯೋಗಕ್ಕೆ ಬರುವಷ್ಟು ಸ್ಪಷ್ಟವಾದ ಸುಳಿವು ಇಮೇಲ್ ಕದ್ದವನಿಗೂ ಸ್ಪಷ್ಟ.

ಲಕೋಟೆಗಳು

ಪಾಸ್‌ವರ್ಡ್ ಅನ್ನು ಕಾಗದದ ಮೇಲೆ ಬರೆಯಬಾರದು ಎಂಬ ಮಾತನ್ನು ಅವರು ಬ್ಯಾಂಕಿನ ತರಬೇತಿಯೊಂದರಲ್ಲಿ ಕೇಳಿ ನಂಬಿದ್ದರು. ಕಚೇರಿಯ ಮಾನಿಟರಿಗೆ ಅಂಟಿಸುವ ಚೀಟಿಗೆ ಆ ಮಾತು ಸರಿ. ಕದ್ದ ಭಂಡಾರವನ್ನು ಒಡೆಯಲು ಕುಳಿತಿರುವ ದೂರದ ಕಳ್ಳನಿಗೆ ಶಿವಮೊಗ್ಗದ ಮನೆಯ ಬೀರುವಿನೊಳಗಿನ ಕಾಗದ ಸಿಗುವುದಿಲ್ಲ. ಕಾಗದವಿದೆ ಎಂಬ ಧೈರ್ಯವಿದ್ದರೆ ಮಾತ್ರ ಜನ ಆರು ಪದಗಳಿಗೆ ಒಪ್ಪುತ್ತಾರೆ, ಇಲ್ಲವಾದರೆ ಮತ್ತೆ ಊರಿನ ಹೆಸರಿಗೆ ಇಳಿಯುತ್ತಾರೆ. ಹೀಗಾಗಿ ಬರೆದಿಡುವ ವ್ಯವಸ್ಥೆಯನ್ನು ಪಾಸ್‌ವರ್ಡ್ ಆಯ್ಕೆಯ ಜೊತೆಗೇ ತೀರ್ಮಾನಿಸಬೇಕೆಂಬುದು ನನ್ನ ಗಟ್ಟಿ ನಿಲುವು.

ಪತಿ ಒಂದು ಉಪಾಯ ಹೇಳಿದರು: ಮೂರು ಪದ ಒಂದು ಕಾಗದದಲ್ಲಿ ಮನೆಯಲ್ಲಿ, ಉಳಿದ ಮೂರು ಇನ್ನೊಂದರಲ್ಲಿ ಲಾಕರಿನಲ್ಲಿ. ಕೇಳಲು ಜಾಣತನ ಎನಿಸುವ ಈ ಉಪಾಯ ಎರಡೂ ಕಡೆ ಕೈಕೊಡುತ್ತದೆ. ಒಂದು ಅರ್ಧ ಕಳ್ಳನ ಕೈಗೆ ಸಿಕ್ಕರೆ ಅವನು ಊಹಿಸಬೇಕಾದದ್ದು ಇನ್ನು ಮೂರೇ ಪದ, ಅಂದರೆ ನಮ್ಮ ಅಳತೆಗೋಲಿನಲ್ಲಿ ಹೆಚ್ಚೆಂದರೆ ಐದಾರು ದಿನಗಳ ಕೆಲಸ. ಅದೇ ಅರ್ಧ ಗೆದ್ದಲಿಗೆ ಆಹುತಿಯಾದರೆ ಉಳಿದರ್ಧವೂ ನಮಗೆ ನಿರುಪಯೋಗಿ. ಭದ್ರತೆ ಅರ್ಧಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ, ಕಳೆದುಕೊಳ್ಳುವ ಅಪಾಯ ಎರಡರಷ್ಟಾಗುತ್ತದೆ. ಎರಡೂ ಕಡೆ ಪೂರ್ತಿ ಗುಚ್ಛವಿರಲಿ, ಆದರೆ ಜೊತೆಗಿರುವ ವಿವರಗಳಲ್ಲಿ ವ್ಯತ್ಯಾಸವಿರಲಿ ಎಂದು ನಿಶ್ಚಯಿಸಿದೆವು.

ಮನೆಯ ಲಕೋಟೆಯಲ್ಲಿ ಆರು ಪದಗಳಷ್ಟೇ ಇವೆ. ಯಾವ ಸೇವೆ, ಯಾವ ಇಮೇಲ್ ಎಂಬುದಿಲ್ಲ; ಎರಡನೆಯ ಹಂತದ ಸಂಕೇತಕ್ಕೆ ಅವರ ಫೋನೂ ಬೇಕು. ಬ್ಯಾಂಕ್ ಲಾಕರಿನ ಲಕೋಟೆಯಲ್ಲಿ ಎಲ್ಲವೂ ಇದೆ: ಪದಗಳು, ಖಾತೆಯ ಇಮೇಲ್ ವಿಳಾಸ, ಎರಡನೆಯ ಹಂತವನ್ನು ದಾಟಿಸುವ ರಿಕವರಿ ಕೋಡ್, ಮತ್ತು ಲಾಗಿನ್ ಆಗಬೇಕಾದ ವಿಳಾಸ `vault.bitwarden.com`. ಈ ಕೊನೆಯದನ್ನು ಬರೆಯಲು ಕಾರಣವಿದೆ. ಬಿಟ್‌ವಾರ್ಡನ್‌ಗೆ ಯುರೋಪಿನ ಸರ್ವರ್ ಬೇರೆ ಇದೆ, ಖಾತೆ ಒಂದರಲ್ಲಿದ್ದರೆ ಇನ್ನೊಂದಕ್ಕೆ ಅದರ ಪರಿಚಯವಿಲ್ಲ. ಗಾಬರಿಯಲ್ಲಿರುವವರು ತಪ್ಪು ಸರ್ವರ್ ಆರಿಸಿ, ಸರಿಯಾದ ಪದಗಳನ್ನೇ ಹಾಕಿ, ಪಾಸ್‌ವರ್ಡ್ ತಪ್ಪು ಎಂಬ ಉತ್ತರ ನೋಡಿ ಕಂಗಾಲಾಗುವುದುಂಟು. ಲಾಕರು ದಂಪತಿಗಳ ಜಂಟಿ ಹೆಸರಿನಲ್ಲಿರುವುದರಿಂದ ಒಬ್ಬರ ಅನುಪಸ್ಥಿತಿಯಲ್ಲಿ ಇನ್ನೊಬ್ಬರಿಗೆ ಅದು ತೆರೆಯುತ್ತದೆಯೇ ಎಂಬುದನ್ನೂ ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಂಡರು.

ಬೀರುವಿನಲ್ಲಿ ಎಲ್ಲಿ ಇಡಬೇಕೆಂಬುದಕ್ಕೂ ಒಂದು ಮಾತು. ಮನೆಗೆ ನುಗ್ಗಿದವನು ಒಡವೆ ಇರುವ ಖಾನೆಯನ್ನು ಡಬ್ಬಿ ಚೀಲಗಳ ಸಮೇತ ಬಾಚಿಕೊಂಡು ಹೋಗುತ್ತಾನೆ; ಪಹಣಿ, ಖಾತೆ ಪತ್ರಗಳ ಕಡತವನ್ನು ಅವನು ಮುಟ್ಟುವುದು ಅಪರೂಪ. ಲಕೋಟೆ ಆ ಕಡತದಲ್ಲಿದೆ. ಅಂಟಿಸಿದ ಬಾಯಿಯ ಮೇಲೆ ಅಡ್ಡಲಾಗಿ ಸಹಿ ಇದೆ, ಯಾರಾದರೂ ತೆರೆದಿದ್ದರೆ ಗೊತ್ತಾಗಲೆಂದು. ಮಲೆನಾಡಿನ ಮಳೆಗಾಲದ ಥಂಡಿಗೆ ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಆದ್ದರಿಂದ ಬಾಲ್‌ಪೆನ್ನಿನಲ್ಲಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರು. ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸುವ ಯೋಚನೆಯೂ, ಫೋನಿನಲ್ಲಿ ಫೋಟೋ ತೆಗೆದಿಡುವ ಯೋಚನೆಯೂ ಬಂದು ಹೋದವು. ಫೋಟೋ ತೆಗೆದ ಕ್ಷಣ ಅದು ತಾನಾಗಿ ಕ್ಲೌಡಿಗೆ ಏರಿಬಿಡಬಹುದು.

ಬರೆದ ಕಾಗದ ಉಪಯೋಗಕ್ಕೆ ಬರುತ್ತದೆಯೇ ಎಂದು ನೋಡದೆ ಲಕೋಟೆಯನ್ನು ಅಂಟಿಸಬಾರದು. ಬರೆದವರೇ ಪರೀಕ್ಷಿಸಿದರೆ ಕಣ್ಣು ಕಾಗದದ ಮೇಲಿದ್ದರೂ ಬೆರಳು ನೆನಪಿನಿಂದ ಟೈಪ್ ಮಾಡುತ್ತದೆ. ಆದ್ದರಿಂದ ಲಾಕರಿನ ಕಾಗದವನ್ನು ಪತಿಯ ಕೈಗೆ ಕೊಟ್ಟು, ಕಂಪ್ಯೂಟರಿನ ಖಾಸಗಿ ಕಿಟಕಿಯಲ್ಲಿ ಅವರೊಬ್ಬರೇ ಲಾಗಿನ್ ಆಗಲಿ ಎಂದೆವು. ಮೊದಲ ಪ್ರಯತ್ನದಲ್ಲಿ ಆಗಲಿಲ್ಲ. ಎರಡನೆಯದರಲ್ಲಿಯೂ ಆಗಲಿಲ್ಲ. "ಇದು ಎಮ್ಮೋ, ಆರ್ ಎನ್ನೋ? ನಿನ್ನ ಅಕ್ಷರ ದೇವರಿಗೇ ಪ್ರೀತಿ" ಎಂದು ಅವರು ಒಳಗಿನಿಂದಲೇ ಕೂಗಿದರು. ಕೂಡಕ್ಷರದ ಬರವಣಿಗೆಯಲ್ಲಿ r ಮತ್ತು n ಅಂಟಿಕೊಂಡು m ಆಗಿದ್ದವು. ಒಂದೆಡೆ ಚುಕ್ಕೆಯೂ ಅಕ್ಷರದ ಬಾಲದಲ್ಲಿ ಮುಚ್ಚಿಹೋಗಿತ್ತು. ಎರಡೂ ಕಾಗದಗಳನ್ನು ಸುಟ್ಟು, ಬಿಡಿ ಬಿಡಿಯಾದ ಅಚ್ಚಿನ ಅಕ್ಷರಗಳಲ್ಲಿ ಸಾಲಿಗೊಂದು ಪದದಂತೆ ಹೊಸದಾಗಿ ಬರೆದು, ಕೆಳಗೆ "ಎಲ್ಲವೂ ಸಣ್ಣಕ್ಷರ, ಪದಗಳ ನಡುವೆ ಚುಕ್ಕೆ, ಕೊನೆಯಲ್ಲಿ ಚುಕ್ಕೆ ಇಲ್ಲ" ಎಂದು ಕನ್ನಡದಲ್ಲಿ ನಮೂದಿಸಿದರು. ಆ ಬಳಿಕ ಪತಿ ಒಂದೇ ಬಾರಿಗೆ ಒಳಹೋದರು.

ಒಂದರೊಳಗೊಂದು ಸಿಕ್ಕಿಕೊಳ್ಳುವ ಕೀಲಿಗಳು

ಲಕೋಟೆಗಳು ಸಿದ್ಧವಾದ ಮೇಲೆ, ಫೋನ್ ಕಳೆದು ಕಂಪ್ಯೂಟರೂ ಕೆಟ್ಟಿದೆ ಎಂದು ಭಾವಿಸಿ ಬರಿಗೈಯಿಂದ ಹೇಗೆ ಒಳಹೋಗುವುದೆಂದು ಹೆಜ್ಜೆ ಹೆಜ್ಜೆಯಾಗಿ ಬರೆದು ನೋಡಿದೆವು. ಆಗ ಒಂದು ಸುಳಿ ಕಾಣಿಸಿತು. ಜಿಮೇಲ್‌ನ ಪಾಸ್‌ವರ್ಡ್ ಅನ್ನು ಉದ್ದವಾದ ಯಾದೃಚ್ಛಿಕ ಅಕ್ಷರಗಳಿಗೆ ಬದಲಿಸಿ ಭಂಡಾರದೊಳಗೆ ಇಟ್ಟಿದ್ದರು. ಎರಡನೆಯ ಹಂತದ ರಕ್ಷಣೆ ಇಲ್ಲದ ಖಾತೆಗೆ ಹೊಸ ಸಾಧನದಿಂದ ಲಾಗಿನ್ ಆದರೆ ಬಿಟ್‌ವಾರ್ಡನ್ ಈಗ ಇಮೇಲಿಗೆ ಸಂಕೇತ ಕಳುಹಿಸಿ ಪರಿಶೀಲಿಸುತ್ತದೆ. ರಿಕವರಿ ಕೋಡ್ ಬಳಸಿದರೆ ಎರಡನೆಯ ಹಂತವೇ ಆರಿಹೋಗುವುದರಿಂದ ಮುಂದೆ ಆ ಪರಿಶೀಲನೆ ಎದುರಾಗಬಹುದು. ಭಂಡಾರ ತೆರೆಯಲು ಇಮೇಲ್ ಬೇಕು, ಇಮೇಲ್ ತೆರೆಯಲು ಭಂಡಾರ ಬೇಕು. ಎರಡನೆಯ ಹಂತದ ಸಂಕೇತ ನೀಡುವ ಕೀಲಿಯನ್ನು ಅದೇ ಭಂಡಾರದಲ್ಲಿ ಮಾತ್ರ ಇಟ್ಟವರಿಗೂ ಇದೇ ಗತಿ.

ಪರಿಹಾರ ಸರಳವಾಗಿತ್ತು. ಜಿಮೇಲ್‌ಗೆ ದಾಳದಿಂದಲೇ ಬೇರೊಂದು ಪದಗುಚ್ಛ ಮಾಡಿ ಅದನ್ನೂ, ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನೂ ಲಾಕರಿನ ಲಕೋಟೆಗೆ ಸೇರಿಸಿದರು. ರಿಕವರಿ ಕೋಡ್ ಒಮ್ಮೆ ಬಳಸಿದರೆ ಸತ್ತಂತೆ. ಹೊಸದನ್ನು ಪಡೆದು ಲಾಕರಿನಲ್ಲಿ ಬದಲಿಸಬೇಕೆಂದು ಅದರ ಪಕ್ಕದಲ್ಲಿಯೇ ಬರೆಯಲಾಯಿತು.

ಭಂಡಾರದ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಡುವುದೂ ಆಯಿತು. ಇಲ್ಲಿ ಗಮನಿಸಬೇಕಾದದ್ದು ಒಂದೇ. ಬಿಟ್‌ವಾರ್ಡನ್ ಗೂಢಲಿಪಿಗೊಳಿಸಿದ ಪ್ರತಿಯನ್ನು ಎರಡು ಬಗೆಯಲ್ಲಿ ಕೊಡುತ್ತದೆ: ಒಂದನ್ನು ಅದೇ ಖಾತೆಯೊಳಗೆ ಮಾತ್ರ ಮತ್ತೆ ತುಂಬಿಸಬಹುದು, ಇನ್ನೊಂದನ್ನು ಪಾಸ್‌ವರ್ಡ್ ಕೊಟ್ಟು ಯಾವ ಖಾತೆಗಾದರೂ ತುಂಬಿಸಬಹುದು. ಖಾತೆಯೇ ಕೈತಪ್ಪಿದಾಗ ಮೊದಲನೆಯದು ಕೆಲಸಕ್ಕೆ ಬಾರದು. ಅವರು ಎರಡನೆಯದನ್ನು ಆರಿಸಿ, ಇನ್ನೊಂದು ಗುಟ್ಟನ್ನು ನೆನಪಿಡುವ ಹೊರೆ ಬೇಡವೆಂದು ಅದಕ್ಕೂ ಅದೇ ಆರು ಪದಗಳನ್ನು ಇಟ್ಟರು. ಇದರ ಪರಿಣಾಮವಾಗಿ, ಮುಂದೆ ಪದಗಳನ್ನು ಬದಲಿಸಿದರೆ ಹಳೆಯ ಪ್ರತಿಗಳನ್ನೂ ಅಳಿಸಬೇಕಾಗುತ್ತದೆ.

ಬದಲಿಸುವುದು ಯಾವಾಗ ಎಂಬುದಕ್ಕೆ, ಮೂರು ತಿಂಗಳಿಗೊಮ್ಮೆ ಎಂಬ ಕಚೇರಿ ಪದ್ಧತಿಯನ್ನು ಇಲ್ಲಿ ಬೇಡವೆಂದೆ. ಪದಗಳನ್ನು ಯಾರಾದರೂ ನೋಡಿದರೆಂಬ ಅನುಮಾನ ಬಂದರೆ, ನಕಲಿ ಪುಟದಲ್ಲಿ ಟೈಪ್ ಮಾಡಿಬಿಟ್ಟರೆ, ಲಕೋಟೆಯ ಸಹಿ ಕೆಟ್ಟಿದ್ದರೆ ಅದೇ ದಿನ ಹೊಸದಾಗಿ ದಾಳ ಎಸೆಯಬೇಕು, ಎರಡೂ ಲಕೋಟೆಗಳನ್ನು ಬದಲಿಸಬೇಕು. ಭಂಡಾರದ ಪ್ರತಿಯೇ ಕಳುವಾಗಿ, ಪದಗಳೂ ಬಯಲಾಗಿದ್ದರೆ ಮಾತ್ರ ಇಷ್ಟು ಸಾಲದು. ಕಳ್ಳನ ಕೈಯಲ್ಲಿರುವ ಹಳೆಯ ಪ್ರತಿ ಹಳೆಯ ಪದಗಳಿಂದಲೇ ತೆರೆದುಕೊಳ್ಳುತ್ತದೆ. ಆಗ ಒಳಗಿರುವ ಒಂದೊಂದು ಖಾತೆಯ ಪಾಸ್‌ವರ್ಡ್ ಅನ್ನೂ ಬದಲಿಸುವುದೊಂದೇ ದಾರಿ.

ಬೆಂಗಳೂರಿನಲ್ಲಿರುವ ತಂಗಿಯನ್ನು ತುರ್ತು ಸಂಪರ್ಕವಾಗಿ ಸೇರಿಸಿದ್ದು ಕೊನೆಯ ಏರ್ಪಾಡು. ಇದಕ್ಕೆ ಅವರು ಹಣ ಕೊಟ್ಟು ಪ್ರೀಮಿಯಂ ತೆಗೆದುಕೊಳ್ಳಬೇಕಾಯಿತು. ತಂಗಿಗೆ ಉಚಿತ ಖಾತೆಯೇ ಸಾಕಾಯಿತು. ತಂಗಿ ಪ್ರವೇಶ ಕೋರಿದರೆ ಅಕ್ಕನಿಗೆ ಇಮೇಲ್ ಬರುತ್ತದೆ, ಏಳು ದಿನಗಳೊಳಗೆ ಅಕ್ಕ ನಿರಾಕರಿಸದಿದ್ದರೆ ತಾನಾಗಿ ಬಾಗಿಲು ತೆರೆಯುತ್ತದೆ. ಆದರೆ ರಿಟರ್ನ್ ಸಲ್ಲಿಸುವ ಕೊನೆಯ ದಿನದ ಮುನ್ನಾದಿನ ಅವರು ಆಸ್ಪತ್ರೆ ಸೇರಿದರೆ ಏಳು ದಿನ ಕಾಯಲಾಗದು. ಸಹಾಯಕನಿಗೆ ಆರು ಪದಗಳನ್ನು ಹೇಳಿಬಿಟ್ಟರೆ ಸರಿಯಲ್ಲವೇ ಎಂದು ಅವರು ಕೇಳಿದ್ದು ಈ ಕಾರಣಕ್ಕೆ. ಹಾಗೆ ಹೇಳಿದರೆ ಕಕ್ಷಿದಾರರ ಪೋರ್ಟಲ್‌ಗಳ ಜೊತೆಗೆ ಅವರ ಸ್ವಂತ ಬ್ಯಾಂಕ್ ಖಾತೆಯೂ ಸಹಾಯಕನ ಕೈಗೆ ಹೋಗುತ್ತದೆ, ಮತ್ತು ಆತ ಕೆಲಸ ಬಿಟ್ಟ ದಿನ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಬದಲಿಗೆ ಸಹಾಯಕನಿಗೆ ಅವನದೇ ಖಾತೆ ತೆರೆಸಿ, ಅವನದೇ ದಾಳದ ಪದಗಳನ್ನು ಇಟ್ಟುಕೊಳ್ಳಲು ಹೇಳಿ, ಕಕ್ಷಿದಾರರ ನಮೂದುಗಳನ್ನು ಮಾತ್ರ ಇಬ್ಬರೂ ಹಂಚಿಕೊಳ್ಳುವ ಸಂಗ್ರಹಕ್ಕೆ ವರ್ಗಾಯಿಸಲಾಯಿತು. ಎಕ್ಸೆಲ್ ಕಡತವನ್ನು ಅಳಿಸಿದ್ದು ಆ ವರ್ಗಾವಣೆ ಮುಗಿದು, ಪ್ರತಿ ನಮೂದನ್ನೂ ಪೋರ್ಟಲ್‌ನಲ್ಲಿ ಒಮ್ಮೆ ಹಾಕಿ ನೋಡಿದ ನಂತರ. ಲೆಕ್ಕದ ಪುಸ್ತಕ ಸದ್ಯಕ್ಕೆ ಬೀಗ ಹಾಕಿದ ಡ್ರಾಯರಿನಲ್ಲಿದೆ. ಅದರಲ್ಲಿರುವ ಪಾಸ್‌ವರ್ಡ್‌ಗಳು ಒಂದೊಂದಾಗಿ ಬದಲಾದಂತೆ ಆಯಾ ಸಾಲನ್ನು ಹೊಡೆದುಹಾಕುವ ಕೆಲಸ ಸಹಾಯಕನದು.